ಡಿಸೆಂಬರ್ 1ರಿಂದ ಊಟದ ರೇಟು ಬದಲಾಗ್ತಿದೆ: ದಿನಾ ಬರೋರಿಗೆಲ್ಲ ತಿಳಿಸೋದು

ಎಲ್ಲರಿಗೂ ನಮಸ್ಕಾರ.

ಮೊನ್ನೆ ರಾತ್ರಿ ಗ್ರೂಪಿನಲ್ಲಿ "1ನೇ ತಾರೀಖಿಂದ 4,000, ಆಗೋರು ಹೇಳಿ" ಅಂತ ಒಂದೇ ಸಾಲು ಹಾಕಿದ್ದೆ. ಅದು ತಪ್ಪಾಯ್ತು. ಎರಡು ಹೊತ್ತೂ ನಮ್ಮಲ್ಲೇ ಉಣ್ಣೋರಿಗೆ ಹಾಗೆ ಹೇಳಬಾರದಿತ್ತು, ಬೇಜಾರಾದವರೆಲ್ಲ ಕ್ಷಮಿಸಿ. ಆ ಮೆಸೇಜು ತೆಗೆದಿದ್ದೇನೆ. ಅದರ ಬದಲು ಇದನ್ನು ಓದಿ.

2025ರ ಡಿಸೆಂಬರ್ 1, ಸೋಮವಾರದಿಂದ ಎರಡು ಹೊತ್ತಿನ ತಿಂಗಳ ಊಟ 3,600 ಇದ್ದದ್ದು 4,000 ರೂಪಾಯಿ ಆಗುತ್ತೆ. ಅಂದರೆ ಒಂದು ಊಟಕ್ಕೆ ಹೆಚ್ಚುಕಡಿಮೆ 7 ರೂಪಾಯಿ ಜಾಸ್ತಿ. ಬಿಡಿ ಊಟ 80ರಿಂದ 90. ಊಟದ ಮೇಲೆ ತಗೊಳ್ಳೋ ಬಿಡಿ ರೊಟ್ಟಿ 10ರಿಂದ 12. ನವೆಂಬರ್ ಮುಗಿಯೋವರೆಗೆ ಹಳೇ ರೇಟೇ.

ಹಿಂದೆ ರೇಟು ಏರಿಸಿದ್ದು 2023ರ ಜೂನ್‌ನಲ್ಲಿ. ಆಮೇಲೆ ಏನೇನು ಏರಿತು ಅಂತ ನಮ್ಮ ಲೆಕ್ಕದ ಪುಸ್ತಕ ನೋಡಿಯೇ ಹೇಳ್ತಿದ್ದೇನೆ. ಆಗ ನಾವು 20 ರೂಪಾಯಿಗೆ ತರುತ್ತಿದ್ದ ತೆಂಗಿನಕಾಯಿಗೆ ಈಗ 45 ಕೊಡ್ತಿದ್ದೇವೆ. ಚಟ್ನಿ, ಸಾರು, ಪಲ್ಯ ಎಲ್ಲಾ ಸೇರಿ ದಿನಕ್ಕೆ 12 ಕಾಯಿ ಬೇಕು, ಅದೊಂದರಲ್ಲೇ ತಿಂಗಳಿಗೆ 9,000 ಹೆಚ್ಚಾಯ್ತು. ನಂದಿನಿ ಹಾಲು 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತಲ್ವಾ, ಮೊಸರು ಮಜ್ಜಿಗೆಗೆ ನಮಗೆ ದಿನಾ 15 ಲೀಟರ್ ಬೇಕು. ಎಣ್ಣೆ ಟಿನ್ನಿಗೂ 600 ರೂಪಾಯಿ ಜಾಸ್ತಿ ಕೊಡ್ತಿದ್ದೇವೆ.

ಇನ್ನೊಂದು ದೊಡ್ಡ ಖರ್ಚು ರೊಟ್ಟಿ ಬಡಿಯೋರ ಕೂಲಿ. ಮೂರು ಜನ ಹೆಣ್ಣುಮಕ್ಕಳು ಬೆಳಗ್ಗೆ 8ಕ್ಕೆಲ್ಲ ಒಲೆ ಮುಂದೆ ಕೂತರೆ ಮಧ್ಯಾಹ್ನದ ಊಟ ಮುಗಿಯೋವರೆಗೆ ಏಳೋ ಹಾಗಿಲ್ಲ, ಒಬ್ಬರು ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಕೊಡ್ತಾರೆ, ಒಬ್ಬರು ಬಡಿತಾರೆ, ಇನ್ನೊಬ್ಬರು ಹಂಚಿನ ಮೇಲಿರೋ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕ್ತಾರೆ. ಸಂಜೆ ಮತ್ತೆ ಅದೇ ಕೆಲಸ. ಅವರಿಗೆ ದಿನಕ್ಕೆ 350 ಕೊಡ್ತಿದ್ದೆವು, ಈ ದಸರಾದಿಂದ 450 ಮಾಡಿದ್ದೇವೆ. ಅವರ ಕೈಗೆ ಕಡಿಮೆ ಕೊಟ್ಟು ರೇಟು ಹಿಡಿದಿಡೋದು ನನಗೆ ಸರಿ ಕಾಣಲಿಲ್ಲ. ನೀವೂ ಒಪ್ಪುತ್ತೀರಿ ಅಂದುಕೊಂಡಿದ್ದೇನೆ.

ತಿಂಗಳ ಊಟದವರು ಈಗ 52 ಜನ ಇದ್ದೀರಿ. 400ರ ಹಾಗೆ 20,800 ಬರುತ್ತೆ. ಮೇಲೆ ಹೇಳಿದ ಖರ್ಚೆಲ್ಲ ಸೇರಿದರೆ 21,000 ದಾಟುತ್ತೆ. ಬಿಡಿ ಊಟದ ದುಡ್ಡೂ ಸೇರಿದರೆ ಸರಿತೂಗುತ್ತೆ, ಅಷ್ಟೇ.

ಜೋಳ ಅಗ್ಗದ್ದು ತಂದರೆ ಆಗಲ್ವಾ ಅಂತ ಒಬ್ಬರು ಕೇಳಿದರು. ಆಗಸ್ಟ್‌ನಲ್ಲಿ ಒಂದು ಚೀಲ ತಂದು ನೋಡಿದ್ದೆವು. ಹಿಟ್ಟಿಗೆ ಜಿಗಿಯೇ ಇರಲಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತಿತ್ತು, ತಣ್ಣಗಾದ ಮೇಲಂತೂ ಹಪ್ಪಳದ ಹಾಗೆ ಮುರಿಯುತ್ತಿತ್ತು. ನಾಲ್ಕೇ ದಿನಕ್ಕೆ ಬಿಟ್ಟೆವು. ವಿಜಯಪುರ ಕಡೆಯ ಬಿಳಿಜೋಳವನ್ನೇ ಮುಂದುವರಿಸುತ್ತೇವೆ. ಗ್ಯಾಸೂ ಅಷ್ಟೇ, ಹೋಟೆಲಿನವರು ಬಳಸಬೇಕಾದ 19 ಕೆಜಿ ಸಿಲಿಂಡರನ್ನೇ ಬಳಸ್ತೇವೆ, ಮನೆ ಸಿಲಿಂಡರ್ ತಂದು ದುಡ್ಡು ಉಳಿಸೋ ಕೆಲಸ ಮಾಡಲ್ಲ.

ಊಟದಲ್ಲಿ ಏನೂ ಕಡಿಮೆ ಆಗಲ್ಲ. ಎರಡು ರೊಟ್ಟಿ, ಒಂದು ಕಾಳುಪಲ್ಯ, ಒಂದು ಸೊಪ್ಪು ಅಥವಾ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅನ್ನ, ಸಾರು, ಮೊಸರು, ಮಜ್ಜಿಗೆ. ಅನ್ನ ಸಾರು ಪಲ್ಯ ಎಷ್ಟು ಸಲ ಬೇಕಾದರೂ ಕೇಳಿ. ಅಮಾವಾಸ್ಯೆ ದಿನ ಹೋಳಿಗೆ ಇದ್ದೇ ಇರುತ್ತೆ.

ಬಿಡಿ ಊಟದ ಕೂಪನ್ ಮೊದಲೇ ತಗೊಂಡವರು ಅದು ಖಾಲಿ ಆಗೋವರೆಗೆ ಬಳಸಬಹುದು, ಮೇಲೆ 10 ರೂಪಾಯಿ ಕೇಳಲ್ಲ. ಡಿಸೆಂಬರ್ ದುಡ್ಡು ಈಗಾಗಲೇ 3,600 ಕಟ್ಟಿದವರು ಮೂರು ಜನ ಇದ್ದೀರಿ, ನಿಮಗೆ ಆ ತಿಂಗಳು ಅಷ್ಟೇ. ಊರಿಗೆ ಹೋಗೋರು ಹಿಂದಿನ ದಿನ ರಾತ್ರಿ ಊಟಕ್ಕೆ ಬಂದಾಗ ಹೇಳಿ, ಆ ದಿನದ ದುಡ್ಡು ಮುಂದಿನ ತಿಂಗಳಿಗೆ ಮುರಿದುಕೊಳ್ಳುತ್ತೇವೆ.

ಓದೋ ಹುಡುಗರು, ಹುಡುಗಿಯರು ಬಹಳ ಜನ ಇದ್ದೀರಿ. ಮನೆಯಿಂದ ಬರೋ ದುಡ್ಡು ನನ್ನ ರೇಟಿನ ಜೊತೆ ಏರಲ್ಲ, ಅದು ನನಗೆ ಗೊತ್ತು. 1ನೇ ತಾರೀಖು 2,000, 15ಕ್ಕೆ 2,000 ಕೊಟ್ಟರೂ ನಡೆಯುತ್ತೆ. ಅದೂ ಕಷ್ಟ ಅನ್ನಿಸಿದರೆ ಸುಮ್ನೆ ಊಟ ಬಿಡಬೇಡಿ, ಮಧ್ಯಾಹ್ನ 3ರ ಮೇಲೆ ಗಲ್ಲಾದ ಹತ್ತಿರ ಯಾರೂ ಇರಲ್ಲ, ಬಂದು ನನ್ನ ಹತ್ತಿರ ಮಾತಾಡಿ. ಒಂದೇ ಹೊತ್ತು ಸಾಕು ಅನ್ನೋರಿಗೆ ತಿಂಗಳಿಗೆ 2,100.

ಬೇರೆ ಕಡೆ ಹೋಗ್ತೀನಿ ಅನ್ನೋರಿದ್ದರೆ 28ರೊಳಗೆ ಒಂದು ಮಾತು ಹೇಳಿ, ಉಳಿದ ದುಡ್ಡು ಅವತ್ತೇ ವಾಪಸ್ ಕೊಡ್ತೀನಿ. ಅದರಲ್ಲಿ ಸಂಕೋಚ ಬೇಡ. ಇರೋರು ಈ ಮೆಸೇಜಿಗೆ "ಸರಿ" ಅಂತ ಹಾಕಿದರೆ ಸಾಕು, 1ನೇ ತಾರೀಖಿಗೆ ಎಷ್ಟು ಜೋಳ ಬೀಸಿಸಬೇಕು ಅಂತ ನನಗೆ ಲೆಕ್ಕ ಸಿಗುತ್ತೆ.

ನಿಮ್ಮ ಖಾನಾವಳಿ ಅಕ್ಕ
ವಿದ್ಯಾನಗರ, ದಾವಣಗೆರೆ