ವಿಷಯ: ಧಾರವಾಡದ ಕ್ವಾಲಿಟಿ ಕೆಲಸದ ಅರ್ಜಿ – ಈಗಿನ ಕಂಪನಿಗೆ ತಿಳಿಯದಂತೆ ಇಡಲು ವಿನಂತಿ

ಮೇಡಂ, ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದಂತೆ ರೆಸ್ಯೂಮೆ ಕಳಿಸಿದ್ದೇನೆ. ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಆ ಕ್ವಾಲಿಟಿ ಇಂಜಿನಿಯರ್ ಕೆಲಸಕ್ಕೆ ನನಗೆ ಮನಸ್ಸಿದೆ. ಆದರೆ ಅದನ್ನು ಮುಂದಕ್ಕೆ ಕಳಿಸುವ ಮೊದಲು ಈ ಮೇಲ್ ಪೂರ್ತಿ ಓದಿರಿ. ನಾನು ಬೇರೆ ಕೆಲಸ ನೋಡುತ್ತಿರುವುದು ಸದ್ಯಕ್ಕೆ ಈಗಿನ ಕಂಪನಿಗೆ ಗೊತ್ತಾಗಬಾರದು.

ನಿಮ್ಮ ಮೇಲೆ ಅನುಮಾನ ಅಂತ ಅಲ್ಲ. ನಮ್ಮ ಲೈನ್ ಬಹಳ ಸಣ್ಣದು, ನಿಮಗೂ ಗೊತ್ತು. ತಾರಿಹಾಳದಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಚಹಾದ ಹೊತ್ತಿಗೆ ಗೋಕುಲ ರೋಡಿನಲ್ಲಿರುತ್ತದೆ. ಹೋದ ವರ್ಷ ನಮ್ಮ ಸೆಕ್ಷನ್ನಿನ ಒಬ್ಬರಿಗೆ ಹೀಗೇ ಆಯಿತು. ಇಂಟರ್‌ವ್ಯೂ ಕೂಡ ಆಗಿರಲಿಲ್ಲ, ಅಷ್ಟರಲ್ಲಿ ಯಾರೋ ವಿಚಾರಿಸಲಿಕ್ಕೆ ಅಂತ ನಮ್ಮ ಎಚ್‌ಆರ್‌ಗೆ ಫೋನ್ ಮಾಡಿಬಿಟ್ಟರು. ಅವರಿಗೆ ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಇನ್‌ಕ್ರಿಮೆಂಟ್ ನಿಂತಿತು, ಸಿಎಂಎಂ ಮಶೀನ್ ಟ್ರೇನಿಂಗ್ ಪಟ್ಟಿಯಿಂದ ಹೆಸರು ಹೋಯಿತು. ಹೊಸ ಕೆಲಸವೂ ಸಿಗಲಿಲ್ಲ. ಮನೆ ಸಾಲದ ಕಂತು ಕಟ್ಟುವವನಿಗೆ ಇದು ತಡೆಯುವ ಮಾತಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಎರಡು ಕಡೆ. ಒಂದು, ನಿಮ್ಮ ಆಫೀಸಿನಿಂದ ನಮ್ಮ ಕಾರ್ಖಾನೆಗೂ ಆಪರೇಟರ್‌ಗಳನ್ನು ಕಳಿಸುತ್ತೀರಿ. ಹಾಗಾಗಿ ನಮ್ಮ ಎಚ್‌ಆರ್ ಜೊತೆ ನಿಮ್ಮವರ ಮಾತುಕತೆ ವಾರಕ್ಕೊಮ್ಮೆಯಾದರೂ ಇರುತ್ತದೆ. ನನ್ನ ಫೈಲ್ ನೀವೊಬ್ಬರೇ ನೋಡಿಕೊಂಡರೆ ಒಳ್ಳೆಯದು. ನಿಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ರೆಸ್ಯೂಮೆ ಹಾಕಬೇಡಿ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಧಾರವಾಡದ ಆ ಕಂಪನಿ ನಮ್ಮ ಗಿರಾಕಿ. ಅವರ ಸಪ್ಲೈಯರ್ ಕ್ವಾಲಿಟಿಯವರು ಆಡಿಟ್‌ಗೆ ನಮ್ಮಲ್ಲಿ ಬರುತ್ತಾರೆ. ಇನ್‌ಸ್ಪೆಕ್ಷನ್ ಟೇಬಲ್ ಹತ್ತಿರ ನನ್ನ ಪಕ್ಕದಲ್ಲೇ ನಿಂತು ಹೈಟ್ ಗೇಜ್ ರೀಡಿಂಗ್ ಬರೆದುಕೊಳ್ಳುತ್ತಾರೆ. ಕೆಟ್ಟ ಮನಸ್ಸಿನವರಲ್ಲ. ಆದರೆ ಊಟದ ಹೊತ್ತಿನಲ್ಲಿ ನಮ್ಮ ಮ್ಯಾನೇಜರ್ ಎದುರು ನಗುತ್ತಾ "ಏನಪಾ, ನಮ್ಮ ಕಡೆ ಹೊಂಟೀಯಂತ?" ಅಂದರೆ ಮುಗಿಯಿತಲ್ಲ! ಅದಕ್ಕೆ ನನ್ನ ಹೆಸರು ಮೊದಲು ಅಲ್ಲಿನ ಎಚ್‌ಆರ್ ಮುಖ್ಯಸ್ಥರಿಗೆ ಮಾತ್ರ ಹೋಗಲಿ. ವಿಷಯ ಗುಟ್ಟಾಗಿಡಬೇಕು ಅಂತ ಅವರಿಗೆ ನೀವೇ ಹೇಳಿ. ಗಿರಾಕಿ ಕಂಪನಿಗೆ ಹೋಗಬಾರದು ಅನ್ನುವ ಷರತ್ತು ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇಲ್ಲ, ಓದಿ ನೋಡಿದ್ದೇನೆ.

ಇದೇ ಕಾರಣಕ್ಕೆ ಎರಡು ಫೈಲ್ ಹಾಕಿದ್ದೇನೆ. ಒಂದರಲ್ಲಿ ನನ್ನ ಹೆಸರೂ ಇಲ್ಲ, ಕಂಪನಿ ಹೆಸರೂ ಇಲ್ಲ. "ಹುಬ್ಬಳ್ಳಿಯ ಮಶೀನಿಂಗ್ ಕಾರ್ಖಾನೆ, ಕ್ವಾಲಿಟಿಯಲ್ಲಿ 7 ವರ್ಷ" ಅಂತ ಅಷ್ಟೇ ಇದೆ. ಮೊದಲು ಅದನ್ನೇ ತೋರಿಸಿ. ಅವರು ಇಂಟರ್‌ವ್ಯೂಗೆ ಕರೆಯುತ್ತೇವೆ ಅಂದ ಮೇಲೆ, ನನಗೊಂದು ಮಾತು ಹೇಳಿ, ಎರಡನೆಯದನ್ನು ಕೊಡಿ. ಬೇರೆ ಯಾವ ಕಂಪನಿಗಾದರೂ ಕಳಿಸಬೇಕು ಅನ್ನಿಸಿದರೂ ಮೊದಲು ಹೆಸರು ತಿಳಿಸಿ. ನಾನು ಹೂಂ ಅನ್ನುವವರೆಗೆ ಕಳಿಸಬೇಡಿ.

ವಿಚಾರಣೆಗೆ ನನ್ನ ಹಿಂದಿನ ಕಂಪನಿಯ ಮ್ಯಾನೇಜರ್ ಇದ್ದಾರೆ. ರಿಟೈರ್ ಆಗಿ ಗದಗಿನಲ್ಲಿದ್ದಾರೆ, ಅವರನ್ನು ಕೇಳಿಯೇ ನಂಬರ್ ಹಾಕಿದ್ದೇನೆ. ಈಗಿನ ಕಂಪನಿಗೆ ಮಾತ್ರ ಆಫರ್ ಲೆಟರ್ ಕೈಗೆ ಬಂದು ನಾನು ರಾಜೀನಾಮೆ ಕೊಡುವ ತನಕ ಯಾರೂ ಫೋನ್ ಆಗಲಿ, ಮೇಲ್ ಆಗಲಿ ಮಾಡಬಾರದು. ಹೊರಗಿನ ವೆರಿಫಿಕೇಶನ್ ಏಜೆನ್ಸಿಗೆ ಕೊಟ್ಟರೆ ಅವರಿಗೂ ಇದನ್ನು ಬರೆದು ತಿಳಿಸಿ. ಎಡವಟ್ಟು ಜಾಸ್ತಿ ಆಗುವುದು ಅಲ್ಲೇ. ಅಷ್ಟರವರೆಗೆ ಸಾಕ್ಷಿ ಬೇಕಾದರೆ ಪಿಎಫ್ ಪಾಸ್‌ಬುಕ್, ಫಾರ್ಮ್ 16, ಮೂರು ತಿಂಗಳ ಸಂಬಳದ ಸ್ಲಿಪ್ ಇಂಟರ್‌ವ್ಯೂ ದಿನ ನಾನೇ ತಂದು ತೋರಿಸುತ್ತೇನೆ.

ನನ್ನ ಕಡೆಯಿಂದಲೂ ಎಚ್ಚರ ಇದೆ. ನೌಕ್ರಿಯಲ್ಲಿ ನಮ್ಮ ಕಂಪನಿಗೆ ಪ್ರೊಫೈಲ್ ಕಾಣದಂತೆ ಬ್ಲಾಕ್ ಮಾಡಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ "ಓಪನ್ ಟು ವರ್ಕ್" ಹಾಕಿಲ್ಲ. ಅದನ್ನು ರಿಕ್ರೂಟರ್‌ಗಳಿಗೆ ಮಾತ್ರ ಅಂತ ಇಟ್ಟರೂ ಸ್ವಂತ ಕಂಪನಿಯವರಿಗೆ ಕಾಣುವುದೇ ಇಲ್ಲ ಅನ್ನುವ ಗ್ಯಾರಂಟಿಯನ್ನು ಅವರೇ ಕೊಡುವುದಿಲ್ಲ.

ಫೋನ್ ನನ್ನ ಸ್ವಂತ ನಂಬರಿಗೇ ಮಾಡಿ. ಈ ವಾರ ಸೆಕೆಂಡ್ ಶಿಫ್ಟ್, ಬೆಳಿಗ್ಗೆ 9ರಿಂದ 12ರವರೆಗೆ ಮನೆಯಲ್ಲಿರುತ್ತೇನೆ. ಮುಂದಿನ ವಾರ ಫಸ್ಟ್ ಶಿಫ್ಟ್, ಸಂಜೆ 5ರ ಮೇಲೆ ಸಿಗುತ್ತೇನೆ. ಶಿಫ್ಟ್‌ನಲ್ಲಿದ್ದಾಗ ಫೋನ್ ಲಾಕರಿನಲ್ಲಿರುತ್ತದೆ. ಎತ್ತದಿದ್ದರೆ ಸುಮ್ನೆ ಮೆಸೇಜ್ ಹಾಕಿ, ಕಂಪನಿಯ ಲ್ಯಾಂಡ್‌ಲೈನಿಗೆ ಮಾತ್ರ ಮಾಡಬೇಡಿ. ಇಂಟರ್‌ವ್ಯೂ ಭಾನುವಾರ ಆದರೆ ಬಹಳ ಅನುಕೂಲ. ಇಲ್ಲದಿದ್ದರೆ ಎರಡು ದಿನ ಮೊದಲೇ ತಿಳಿಸಿ, ರಜೆ ಹಾಕಿ ಚಿಗರಿ ಬಸ್ ಹಿಡಿದು ಬರುತ್ತೇನೆ. ನೋಟಿಸ್ 60 ದಿನ ಇದೆ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಇದಕ್ಕೆಲ್ಲ ಒಪ್ಪಿಗೆ ಇದ್ದರೆ ಈ ಮೇಲ್‌ಗೆ ಒಂದು ಸಾಲಿನ ಉತ್ತರ ಬರೆಯಿರಿ. ಅದು ಬರುವವರೆಗೆ ಎರಡೂ ಫೈಲ್ ನಿಮ್ಮ ಹತ್ತಿರವೇ ಇರಲಿ. ಯಾವುದಾದರೂ ಆಗದ ಮಾತು ಅನ್ನಿಸಿದರೆ ಅದನ್ನೂ ಹೇಳಿ, ನಾಳೆ ಬೆಳಿಗ್ಗೆ ಮಾತಾಡೋಣ.

ಇಂತಿ,
ಮಂಜುನಾಥ
ನವನಗರ, ಹುಬ್ಬಳ್ಳಿ