ಬದಲಾಯಿಸಿದ್ದು ಸರಿ, ಯಾಕೆ ಅಂತ ಎಲ್ಲಿ ಬರೆದಿದ್ದೀರಿ?

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ವರ್ಷನ್ ಕಂಟ್ರೋಲ್. ಊಟದ ಬೆಲ್ ಹೊಡೆಯುವ ಹೊತ್ತಾಗಿದೆ, ಜಾಸ್ತಿ ಎಳೆಯುವುದಿಲ್ಲ.

ನಿಮ್ಮ ಮಿನಿ ಪ್ರಾಜೆಕ್ಟಿನ ಫೋಲ್ಡರ್ ಒಮ್ಮೆ ನೆನಪಿಸಿಕೊಳ್ಳಿ. `bill.c`, `bill_new.c`, `bill_new2.c`, ಕೊನೆಗೆ `bill_sir_helidmele.c`. ನಗ್ತಾ ಇದ್ದೀರಿ ಅಂದ್ರೆ ಇದೆ ಅಂತ ಅರ್ಥ, ಅಲ್ವಾ? ಫೈಲ್ ನಾಲ್ಕಾಯಿತು ಅನ್ನುವುದು ದೊಡ್ಡ ವಿಷಯವಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ಎರಡು ವಾರ ಬಿಟ್ಟು ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ. ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ.

ಸಕಲೇಶಪುರ, ಮೂಡಿಗೆರೆ ಕಡೆಯವರು ಕೆಲವರಾದರೂ ಇರಬೇಕು. ತೋಟದ ರೈಟರ್ ದಿನವೂ ಪುಸ್ತಕ ಬರೆಯುವುದನ್ನು ನೀವು ನೋಡಿರುತ್ತೀರಿ. ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿನಲ್ಲಿ ಚಿಗುರು ತೆಗೆದರು, ಎಲ್ಲಿ ಗೊಬ್ಬರ ಹಾಕಿದರು, ಎಲ್ಲ ತಾರೀಖಿನ ಜೊತೆ. ನಿನ್ನೆಯ ಲೆಕ್ಕ ತಪ್ಪಿದ್ದರೆ ಹಾಳೆ ಹರಿಯುವುದಿಲ್ಲ, ಇವತ್ತಿನ ತಾರೀಖಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಮುಂದಿನ ವರ್ಷ ಒಂದು ಬ್ಲಾಕಿನಲ್ಲಿ ಫಸಲು ಕಮ್ಮಿಯಾದರೆ ಸಾಹುಕಾರರು ಮೊದಲು ತೆಗೆಯುವುದು ಆ ಪುಸ್ತಕವನ್ನೇ. ವರ್ಷನ್ ಕಂಟ್ರೋಲ್ ಅಂದರೆ ನಿಮ್ಮ ಕೋಡಿಗೆ ಇಟ್ಟ ರೈಟರ್. ಆದರೆ ಈ ರೈಟರ್ ಬರೆಯುವುದಷ್ಟೇ ಅಲ್ಲ, ಹೋದ ಮಂಗಳವಾರ ತೋಟ ಹೇಗಿತ್ತೋ ಹಾಗೇ ನಿಮ್ಮ ಮುಂದೆ ತಂದು ನಿಲ್ಲಿಸುತ್ತಾನೆ.

ಈಗ ಎಲ್ಲರೂ ಬಳಸುವುದು ಗಿಟ್. 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯಲು ಕೂತಿದ್ದು ಲಿನಕ್ಸ್ ಕರ್ನಲ್ ಕೆಲಸಕ್ಕೆ. ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ತಂತ್ರಾಂಶ ಅವರಿಗೆ ಪುಕ್ಕಟೆ ಸಿಗುವುದು ನಿಂತುಹೋಗಿತ್ತು. ನಿಮ್ಮದು ಮೂರು ಜನರ ಟೀಮ್, ಅಷ್ಟು ದೊಡ್ಡದು ಯಾಕೆ ಅಂತ ಕೇಳಬಹುದು. ಮಾಡಬೇಕಾದ್ದು ಇಷ್ಟೇ:

```
git init
git add bill.c
git commit -m "ಸೊನ್ನೆ ಯೂನಿಟ್ ಬಂದರೂ ಕನಿಷ್ಠ ಬಿಲ್ ಹಾಕುವಂತೆ ಮಾಡಿದೆ"
```

ಮೊದಲ ಸಲ ಕಮಿಟ್ ಮಾಡದೆ ನಿಂತು ನಿಮ್ಮ ಹೆಸರು, ಇಮೇಲ್ ಕೇಳಬಹುದು, ಅದೇ ತೋರಿಸುವ `git config` ಸಾಲುಗಳಲ್ಲಿ ಅವನ್ನು ಕೊಟ್ಟು ಮತ್ತೆ ಕಮಿಟ್ ಮಾಡಿ. ಹೌದು, ಮೆಸೇಜ್ ಕನ್ನಡದಲ್ಲೇ ಬರೆಯಬಹುದು, ಗಿಟ್ ತಕರಾರು ಮಾಡುವುದಿಲ್ಲ. ಸುಮ್ನೆ "update" ಅಂತ ಬರೆಯಬೇಡಿ, ನನ್ನ ಪ್ರಕಾರ ಅದಕ್ಕಿಂತ ಬರೆಯದೇ ಇರುವುದು ವಾಸಿ. ಏನು ಬದಲಾಯಿತು ಅನ್ನುವುದನ್ನು `git diff` ಸಾಲುಸಾಲಾಗಿ ತೋರಿಸುತ್ತದೆ, ಯಾಕೆ ಅನ್ನುವುದನ್ನು ಮಾತ್ರ ನೀವೇ ಬರೆಯಬೇಕು. ಹೀಗೆ ಮೆಸೇಜ್ ಜೊತೆ ದಾಖಲಾಗುವ ಒಂದೊಂದು ಬದಲಾವಣೆಯೂ ಒಂದು ಕಮಿಟ್, ಒಂದು ಕಮಿಟ್‌ಗೆ ಒಂದೇ ಕೆಲಸ ಇರಲಿ. ಹಾಗಿದ್ದರೆ ಸಾವಿರ ಕಮಿಟ್‌ಗಳ ನಡುವೆ ಎಲ್ಲೋ ಪ್ರೋಗ್ರಾಂ ಕೆಟ್ಟಿದ್ದರೂ `git bisect` ಅರ್ಧರ್ಧ ಮಾಡುತ್ತಾ ಹೋಗಿ ಸುಮಾರು ಹತ್ತು ಸಲ ಪರೀಕ್ಷಿಸುವಷ್ಟರಲ್ಲಿ ಕೆಡಿಸಿದ ಕಮಿಟ್ ಯಾವುದು ಅಂತ ತೋರಿಸಿಬಿಡುತ್ತದೆ.

ಇನ್ನು ಟೀಮ್ ವಿಷಯ. ವಾಟ್ಸಾಪ್‌ನಲ್ಲಿ ಜಿಪ್ ಕಳಿಸಿ, "ನಂದನ್ನ ಹಾಕ್ಕೋ" ಅನ್ನುವುದು ನಡೆಯುತ್ತಲೇ ಇದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವುದು ನೆನಪಿಸಿಕೊಳ್ಳಿ. ಗಂಡಿನ ಚಿಕ್ಕಪ್ಪ ಒಂದು ಕಡೆ, ಭಾವ ಇನ್ನೊಂದು ಕಡೆ ಪುಸ್ತಕ ಹಿಡಿದು ಕೂತಿರುತ್ತಾರೆ, ರಾತ್ರಿ ಎರಡನ್ನೂ ಸೇರಿಸುತ್ತಾರೆ. ಬೇರೆ ಬೇರೆ ಹೆಸರಿದ್ದರೆ ತಾಪತ್ರಯವಿಲ್ಲ. ಒಂದೇ ಹೆಸರಿನ ಮುಂದೆ ಒಂದರಲ್ಲಿ 500, ಇನ್ನೊಂದರಲ್ಲಿ 1000 ಇದ್ದರೆ ಇಬ್ಬರನ್ನೂ ಕೂರಿಸಿ ಕೇಳಲೇಬೇಕು. ಗಿಟ್ ಮಾಡುವುದೂ ಅಷ್ಟೇ. ಬೇರೆ ಬೇರೆ ಜಾಗದ ಬದಲಾವಣೆಗಳನ್ನು ತಾನೇ ಸೇರಿಸುತ್ತದೆ, ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ಥರ ತಿದ್ದಿದ್ದರೆ ನಿಂತು ನಿಮ್ಮನ್ನು ಕೇಳುತ್ತದೆ. ಅದನ್ನೇ ಮರ್ಜ್ ಕಾನ್‌ಫ್ಲಿಕ್ಟ್ ಅನ್ನುವುದು. ಅದು ಬಂದಾಗ ಗಾಬರಿಯಾಗಿ ಫೋಲ್ಡರ್ ಡಿಲೀಟ್ ಮಾಡಬೇಡಿ, ಆ ಸಾಲು ಬರೆದ ಗೆಳೆಯನಿಗೆ ಒಂದು ಫೋನ್ ಮಾಡಿ ಸಾಕು. ಗಿಟ್ ನಿಲ್ಲಿಸಿ ಕೇಳುತ್ತದಲ್ಲ, ಅದೇ ಪುಣ್ಯ. ಜಿಪ್ ಆದರೆ ಕೇಳದೆಯೇ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಕೂತಿರುತ್ತಿತ್ತು.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಕಮಿಟ್ ಮಾಡಿದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಹೋದರೆ ಅದರೊಳಗಿನ ಇತಿಹಾಸವೂ ಹೋಯಿತು, ಹಾಗಾಗಿ ಗಿಟ್‌ಹಬ್, ಗಿಟ್‌ಲ್ಯಾಬ್ ಯಾವುದಾದರೂ ಒಂದಕ್ಕೆ `git push` ಮಾಡಿ. ಇನ್ನೊಂದು, ಪಾಸ್‌ವರ್ಡ್ ಇರುವ ಫೈಲನ್ನು ಕಮಿಟ್ ಮಾಡಬೇಡಿ, ಮೊದಲೇ `.gitignore`ನಲ್ಲಿ ಅದರ ಹೆಸರು ಹಾಕಿ. ಈ ಪುಸ್ತಕದಲ್ಲಿ ಹಾಳೆ ಹರಿಯುವುದಿಲ್ಲ ಅಂದೆನಲ್ಲ, ಇವತ್ತು ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಆಗಲೇ ಪುಶ್ ಆಗಿಹೋಗಿದ್ದರೆ ಮೊದಲು ಪಾಸ್‌ವರ್ಡ್ ಬದಲಾಯಿಸಿ, ಉಳಿದದ್ದು ಆಮೇಲೆ.

ಊಟ ಮುಗಿಸಿ ಲ್ಯಾಬಿಗೆ ಬನ್ನಿ. ಟೀಮಿಗೆ ಒಂದು ರೆಪೊ, ಅಂದರೆ ಗಿಟ್ ಇತಿಹಾಸ ಇಡುವ ಒಂದು ಫೋಲ್ಡರ್, ಅದರಲ್ಲಿ ಒಬ್ಬೊಬ್ಬರದು ಒಂದೊಂದು ಕಮಿಟ್. ಮೆಸೇಜ್ ಓದಿ ನನಗೆ ಯಾಕೆ ಅನ್ನುವುದು ಅರ್ಥವಾಗದಿದ್ದರೆ ಮತ್ತೆ ಬರೆಸುತ್ತೇನೆ.