ಧಾರೆ ಫೋಟೋದಲ್ಲಿ ಏನೇನು ತಿದ್ದಬೇಕು: ಸ್ಟುಡಿಯೋದವರಿಗೆ ಪತ್ರ

ಅರಸೀಕೆರೆ
9 ಜುಲೈ 2025

ಸ್ಟುಡಿಯೋ ಅಣ್ಣನವರಿಗೆ,

ನಮಸ್ಕಾರ. ನಾನು ಸಹನಾ. ಮೇ 18ರ ಭಾನುವಾರ ನೀವು ಫೋಟೋ ತೆಗೆದ ಮದುವೆಯ ಹುಡುಗಿ. ಆಷಾಢ ಅಂತ ತವರಿಗೆ ಬಂದಿದ್ದೇನೆ, ಕೂತು ಬರೆಯೋಕೆ ಪುರುಸೊತ್ತು ಸಿಕ್ಕಿದೆ. ಆಲ್ಬಂ ಚೆನ್ನಾಗಿ ಬಂದಿದೆ, ಅದರ ಬಗ್ಗೆ ತಕರಾರಿಲ್ಲ. ಈ ಪತ್ರ ಗೋಡೆಗೆ ಹಾಕೋ ದೊಡ್ಡ ಫೋಟೋ ಒಂದರ ಬಗ್ಗೆ ಮಾತ್ರ. ಫೈಲ್ ನಂಬರ್ DSC_4417, ಧಾರೆ ಮುಗಿದು ಮಂಟಪದಲ್ಲಿ ನಾವಿಬ್ಬರೇ ಕೂತಿರೋದು.

ಮೊದಲ ಸಲ ಫೋನಲ್ಲಿ ನಾನು ಹೇಳಿದ್ದು "ಸ್ವಲ್ಪ ನೀಟಾಗಿ ಮಾಡಿಕೊಡಿ" ಅಂತ ಒಂದೇ ಮಾತು. ತಪ್ಪು ನನ್ನದೇ. ಆ ಒಂದು ಮಾತು ನಂಬಿ ನಿಮ್ಮ ಎಡಿಟಿಂಗ್ ಹುಡುಗ ಎಷ್ಟು ಕಷ್ಟಪಟ್ಟಿದ್ದಾನೆ ಅಂದರೆ, ಸ್ಯಾಂಪಲ್ ನೋಡಿ ನಮ್ಮ ಪಕ್ಕದ ಮನೆ ಆಂಟಿ "ಇದು ನಿನ್ನ ನಾದಿನಿಯಾ?" ಅಂತ ಕೇಳಿದರು. ಅದಕ್ಕೇ ಈ ಸಲ ಬರವಣಿಗೆಯಲ್ಲಿ ಕೊಡ್ತಿದ್ದೇನೆ. ಸ್ಯಾಂಪಲ್ ಪ್ರಿಂಟಿನ ಮೇಲೆ ಬಟರ್ ಪೇಪರ್ ಅಂಟಿಸಿ, ಕೆಂಪು ಪೆನ್ನಿನಲ್ಲಿ ತಿದ್ದಬೇಕಾದ ಜಾಗಕ್ಕೂ ಹಸಿರು ಪೆನ್ನಿನಲ್ಲಿ ಮುಟ್ಟಬಾರದ ಜಾಗಕ್ಕೂ ಸುತ್ತು ಹಾಕಿದ್ದೇನೆ. ತಮ್ಮನ ಕೈಲಿ ಕಳಿಸಿದ್ದೇನೆ. ಎಡ ಬಲ ಅಂತ ಬರೆದಿರೋದೆಲ್ಲ ಫೋಟೋ ನೋಡುವವರ ಎಡ ಬಲ. ಅಂದರೆ ಎಡಕ್ಕೆ ನಮ್ಮವರು, ಬಲಕ್ಕೆ ನಾನು.

ಇನ್ನೊಂದು ಮಾತು. ತಿದ್ದಿದ ಫೈಲನ್ನೇ ಮತ್ತೆ ತಿದ್ದಬೇಡಿ. ಮೂಲ ಫೈಲಿಂದ ಹೊಸದಾಗಿ ಶುರು ಮಾಡಿ. ಅಳಿಸಿಹೋಗಿರೋದು ತಿದ್ದಿದ ಫೈಲಲ್ಲಿ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಮುಖ್ಯವಾದ್ದು ನನ್ನ ಬಲಗಡೆ ಕೆನ್ನೆಯ ಕೆಳಗಿರೋ ಕಪ್ಪು ಚುಕ್ಕೆ. ಹುಡುಗ ಅದನ್ನು ಮೊಡವೆ ಕಲೆ ಅಂದುಕೊಂಡು ಒರೆಸಿಬಿಟ್ಟಿದ್ದಾನೆ. ಅದು ದೃಷ್ಟಿಬೊಟ್ಟು ಅಣ್ಣ. ನೀವು ಕ್ಯಾಮೆರಾ ಹಿಡಿದು "ಎಲ್ಲರೂ ಪಕ್ಕಕ್ಕೆ ಬನ್ನಿ" ಅಂತ ಕೂಗ್ತಿದ್ದಾಗ ನಮ್ಮಜ್ಜಿ ನುಗ್ಗಿ ಬಂದು, ತನ್ನ ಕಣ್ಣಿನ ಕಾಡಿಗೆಯನ್ನೇ ಬೆರಳಿಗೆ ತಗೊಂಡು ಇಟ್ಟಿದ್ದು. ಇಟ್ಟು ಹಿಂದೆ ಸರಿಯೋದರೊಳಗೆ ನೀವು ಕ್ಲಿಕ್ ಮಾಡಿದಿರಿ. ಅದಕ್ಕೇ ಫೋಟೋದ ಬಲ ಅಂಚಿನಲ್ಲಿ ಒಂದು ಕೈ ಉಳಿದುಬಿಟ್ಟಿದೆ: ಹಸಿರು ಗಾಜಿನ ಬಳೆ, ತುದಿಗೆ ಮಸಿ ಹತ್ತಿದ ತೋರುಬೆರಳು. ಸ್ಯಾಂಪಲಲ್ಲಿ ಆ ಕೈಯನ್ನೂ ತೆಗೆದು ಅಲ್ಲಿ ಚೆಂಡುಹೂವಿನ ಸರ ಅಂಟಿಸಿದ್ದಾರೆ. ಎರಡೂ ವಾಪಸ್ ಬೇಕು, ಬೊಟ್ಟೂ ಬೇಕು, ಕೈಯೂ ಬೇಕು. ಅವತ್ತು ತೆಗೆದ ಸಾವಿರಾರು ಫೋಟೋ ಬಿಟ್ಟು ಇದನ್ನೇ ಆರಿಸಿದ್ದು ಆ ಕೈಗೋಸ್ಕರ. ಬೊಟ್ಟು ಒಂದು ಕಡೆ ಸ್ವಲ್ಪ ಎಳೆದ ಹಾಗೆ ಉದ್ದಕ್ಕಿದೆ, ದುಂಡಗೆ ಮಾಡಬೇಡಿ. ಹಾಗೇ ಇರಲಿ.

ಗದ್ದದ ಮೇಲಿರೋದು ಹುಟ್ಟುಮಚ್ಚೆ. ಅದೂ ಹೋಗಿದೆ, ಅದೂ ಬರಬೇಕು. ಮೂಗುಬೊಟ್ಟಿನ ಒಂಟಿ ಹರಳು ಫ್ಲಾಷಿಗೆ ಮಿಂಚಿದ್ದನ್ನು ಬಿಳಿ ಕಲೆ ಅಂತ ಅಳಿಸಿದ್ದಾರೆ. ಈಗ ಮೂಗಿಗೆ ಬರೀ ತೂತು ಚುಚ್ಚಿಸಿಕೊಂಡು ಕೂತ ಹಾಗಿದೆ. ಹರಳಿನ ಮಿಂಚು ಮೂಲದಲ್ಲಿ ಎಷ್ಟಿತ್ತೋ ಅಷ್ಟೇ ಸಾಕು, ನಕ್ಷತ್ರ ಬಿಡಿಸೋದು ಬೇಡ.

ಬಣ್ಣದ ವಿಷಯ. ನಾನು ಎಣ್ಣೆಗೆಂಪು. ಸ್ಯಾಂಪಲಲ್ಲಿ ಮುಖ ಸುಣ್ಣ ಬಳಿದ ಹಾಗಿದೆ, ಕತ್ತು ನನ್ನ ಬಣ್ಣವೇ ಇದೆ, ಕೈ ಎರಡರ ಮಧ್ಯೆ ಎಲ್ಲೋ ಇದೆ. ಮೂರು ಜನರಿಂದ ಒಬ್ಬಳನ್ನು ಜೋಡಿಸಿದ ಹಾಗೆ. ಮುಖ ಬೆಳ್ಳಗೆ ಮಾಡಬೇಡಿ, ಚರ್ಮವನ್ನು ಮೇಣದ ಹಾಗೆ ನುಣ್ಣಗೂ ಮಾಡಬೇಡಿ. ಹಣೆ ಮೇಲೆ, ಮೂಗಿನ ತುದಿಯಲ್ಲಿ ಬೆವರು ಹೊಳೀತಿದೆ. ದೀಪ ಆರುತ್ತೆ ಅಂತ ಪುರೋಹಿತರು ಫ್ಯಾನ್ ಆಫ್ ಮಾಡಿಸಿದ್ದರಲ್ಲ, ಅದರ ಪ್ರಸಾದ. ಆ ಹೊಳಪನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ತೆಗೆಯಬೇಡಿ. ಪೂರ್ತಿ ತೆಗೆದರೆ ಹಣೆ ಪೌಡರ್ ಡಬ್ಬಿ ಥರ ಮಂಕಾಗುತ್ತೆ, ಮೊದಲ ಸಲ ಹಾಗೇ ಆಗಿತ್ತು. ರವಿಕೆಯ ಕಂಕುಳ ಹತ್ತಿರ ಬೆವರಿಗೆ ಒದ್ದೆಯಾಗಿರೋ ಜಾಗ ಮಾತ್ರ ಪೂರ್ತಿ ಹೋಗಲಿ. ಅದನ್ನು ಬರೆಯೋಕೆ ನಾಚಿಕೆ, ಬರೆಯದಿದ್ದರೆ ಗೋಡೆ ಮೇಲೆ ಶಾಶ್ವತ.

ನಮ್ಮತ್ತೆ ಫೋನ್ ಮಾಡಿ "ಹುಡುಗೀನ ಇನ್ನೊಂಚೂರು ಬೆಳ್ಳಗೆ ಮಾಡಪ್ಪ" ಅಂತ ಹೇಳಬಹುದು. "ಆಯ್ತಮ್ಮ" ಅನ್ನಿ. ಮಾಡಬೇಡಿ.

ತೋಳು. ನನ್ನ ತೋಳನ್ನು ಸಣ್ಣ ಮಾಡಿದ್ದಾರೆ. ನಾನು ಕೇಳಿರಲಿಲ್ಲ. ತೋಳು ಒಳಕ್ಕೆ ಒತ್ತಿದ ಕಡೆ ಅದರ ಹಿಂದಿನ ಮಂಟಪದ ಕಂಬವೂ ಜೊತೆಗೇ ಬಾಗಿದೆ, ನೋಡಿ. ಸ್ಕೇಲ್ ಇಟ್ಟು ನೋಡಿದೆ, ಮೊಣಕೈ ಹತ್ತಿರ ಕಂಬ ಎರಡು ಮಿಲಿಮೀಟರ್ ಹೊಟ್ಟೆ ಒಳಗೆಳೆದುಕೊಂಡಿದೆ. ವಂಕಿಯ ನವಿಲಿಗೆ ಕತ್ತೇ ಇಲ್ಲ. ಆ ವಂಕಿ ಅಮ್ಮನದು, ಅದನ್ನು ಇಲ್ಲಿ ಎಲ್ಲರೂ ಗುರುತಿಸ್ತಾರೆ. ದಯವಿಟ್ಟು ಯಾರ ಮೈಯನ್ನೂ ಹಿಗ್ಗಿಸೋದು ಕುಗ್ಗಿಸೋದು ಬೇಡ. ನಾನು ನಮ್ಮವರಷ್ಟೇ ಎತ್ತರ ಇದ್ದೇನೆ, ಅದನ್ನೂ ಹಾಗೇ ಬಿಡಿ.

ಈಗ ನಮ್ಮವರ ಕಡೆ ಬರೋಣ. ಕನ್ನಡಕದ ಎಡಗಡೆ ಗಾಜಿನಲ್ಲಿ ವಿಡಿಯೋದವರ ಲೈಟು ಚೌಕವಾಗಿ ಬಿಳಿ ಬಿದ್ದಿದೆ, ಕಣ್ಣು ಅರ್ಧ ಕಾಣಲ್ಲ. ಸ್ಯಾಂಪಲಲ್ಲಿ ಇನ್ನೊಂದು ಕಣ್ಣನ್ನೇ ಮಗುಚಿ ಅಂಟಿಸಿದ್ದಾರೆ ಅನಿಸುತ್ತೆ, ಎರಡು ಕಣ್ಣೂ ಮೂಗಿನ ಕಡೆಗೇ ನೋಡ್ತಿವೆ. ಪಾಪ, ಅವರಿಗೆ ಮೆಳ್ಳೆಗಣ್ಣಿಲ್ಲ. DSC_4419 ತೆಗೆದು ನೋಡಿ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ, ಆದರೆ ಅವರ ಗಾಜು ಎರಡೂ ಸ್ವಚ್ಛ, ತಲೆಯೂ ಹೆಚ್ಚುಕಮ್ಮಿ ಅದೇ ಓರೆಯಲ್ಲಿದೆ. ಅಲ್ಲಿಂದ ಆ ಒಂದು ಗಾಜಿನ ಒಳಗಿನ ಭಾಗ ಮಾತ್ರ ತಂದು ಕೂರಿಸಿ. ಕೂರದಿದ್ದರೆ ಬಿಳಿಯನ್ನು ಎಷ್ಟಾಗುತ್ತೋ ಅಷ್ಟು ತಗ್ಗಿಸಿ ಸುಮ್ಮನಾಗಿ. ಕಣ್ಣನ್ನು ಹೊಸದಾಗಿ ಬರೆಯೋದು ಬೇಡ.

ಅವರ ಮೇಲ್ದುಟಿಗೆ ಒಂದು ಅಕ್ಷತೆ ಕಾಳು ಅಂಟಿದೆ. ಹಲ್ಲು ಉಬ್ಬಿದ ಹಾಗೆ ಕಾಣುತ್ತೆ, ತೆಗೀರಿ. ಹುಬ್ಬಿನ ಮೇಲೆ ಜೀರಿಗೆ ಬೆಲ್ಲದ ಚೂರು ಕರಗಿ ಇಳಿದಿದೆ, ಅದನ್ನೂ ತೆಗೀರಿ. ಆದರೆ ಹುಬ್ಬಿನ ಪಕ್ಕದ ಸಣ್ಣ ಗುಳಿ ಅವರಿಗೆ ಚಿಕ್ಕಂದಿನಲ್ಲಿ ಅಮ್ಮ ಎದ್ದಾಗ ಉಳಿದ ಗುರುತು, ಅದು ಇರಲಿ. ಪೇಟದ ಮೇಲೆ, ನನ್ನ ಜಡೆಯಲ್ಲಿ, ಹೆಗಲ ಮೇಲೆ ಬಿದ್ದಿರೋ ಅಕ್ಷತೆ ಒಂದನ್ನೂ ಮುಟ್ಟಬೇಡಿ. ಅವರ ಬಾಸಿಂಗ ಸ್ವಲ್ಪ ಓರೆಯಾಗಿದೆ. ನೇರ ಮಾಡಿದರೆ ಚೆನ್ನಾಗಿರುತ್ತಾ ಅಂತ ಎರಡು ದಿನ ಯೋಚನೆ ಮಾಡಿದೆ, ಬೇಡ. ಅವರು ದಿನಾ ಹೆಲ್ಮೆಟ್ಟೂ ಹಾಗೇ ಹಾಕ್ಕೊಳ್ಳೋದು.

ಹಿಂದಿನದು ಸುಲಭ. ಪೇಟದ ಮೇಲೆ ಎಡಕ್ಕೆ ಛತ್ರದ ಹಸಿರು ಎಕ್ಸಿಟ್ ಬೋರ್ಡ್ ಉರೀತಿದೆ, ತೆಗೆದು ಗೋಡೆ ಬಣ್ಣ ತುಂಬಿ. ಅವರ ಹೆಗಲ ಹಿಂದೆ ಮೊಬೈಲ್ ಹಿಡಿದ ಒಂದು ಕೈ ಇದೆ. ಅದು ಯಾರದ್ದು ಅಂತ ಎರಡು ಮನೆಯವರಿಗೂ ಗೊತ್ತಾಗಲಿಲ್ಲ, ಹೋಗಲಿ. ಕೈಗಳಲ್ಲಿ ಗಲಿಬಿಲಿ ಆಗದಿರಲಿ ಅಣ್ಣ: ಎಡಗಡೆ ಮೊಬೈಲಿನ ಕೈ ಹೋಗಬೇಕು, ಬಲಗಡೆ ಬಳೆಯ ಕೈ ಉಳೀಬೇಕು. ಕೆಳಗೆ ಮೂಲೆಯಲ್ಲಿ ಕಾಣೋ ನೀಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು, ನನ್ನ ಹೆಗಲ ಮೇಲೆ ಸೆರಗಿಗೆ ಚುಚ್ಚಿದ ಸೇಫ್ಟಿ ಪಿನ್, ಇವೆರಡೂ ಹೋಗಲಿ.

ಸೀರೆ ಬಣ್ಣಕ್ಕೆ ಒಂದು ಉಪಾಯ ಮಾಡಿದ್ದೇನೆ. ಧಾರೆ ಸೀರೆ ಕೆನೆ ಬಣ್ಣದ್ದು, ಅಂಚು ಮೆರೂನ್. ಛತ್ರದ ಹಳದಿ ಲೈಟಿಗೆ ಮೂಲ ಫೋಟೋದಲ್ಲಿ ಅದು ಅರಿಶಿನದಲ್ಲಿ ಅದ್ದಿದ ಹಾಗಿದೆ. ಸ್ಯಾಂಪಲಲ್ಲಿ ಅದನ್ನು ಸರಿ ಮಾಡಲು ಹೋಗಿ ಆಸ್ಪತ್ರೆ ಬೆಡ್‌ಶೀಟಿನ ಬಿಳಿ ಮಾಡಿದ್ದಾರೆ, ಅಂಚು ಟೊಮೆಟೊ ಕೆಂಪಾಗಿದೆ. ಬಾಯಲ್ಲಿ ಹೇಳಿದರೆ ಬಣ್ಣ ತಿಳಿಯಲ್ಲ ಅಂತ, ರವಿಕೆ ಹೊಲಿಸಿ ಉಳಿದ ತುಂಡನ್ನು ಕವರಿನಲ್ಲಿ ಇಟ್ಟಿದ್ದೇನೆ. ಅಂಚೂ ರವಿಕೆಯೂ ಒಂದೇ ಬಣ್ಣ. ತುಂಡನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಅಂಗಡಿ ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ನೋಡಿ. ಹಳದಿ ಇಳಿಸುವಾಗ ತಾಳಿಯ ಅರಿಶಿನದ ದಾರ ಬಿಳಿಚಿಕೊಳ್ಳದ ಹಾಗೆ ನೋಡಿಕೊಳ್ಳಿ, ಮೊದಲ ಸಲ ಅದು ಗಾಳಿಪಟದ ದಾರದ ಥರ ಆಗಿತ್ತು.

ಪ್ರಿಂಟ್ 24 ಇಂಚು ಅಗಲ, 16 ಇಂಚು ಎತ್ತರ. ಮೊದಲು 20 x 16 ಅಂತ ಮಾತಾಗಿತ್ತು, ಅದನ್ನು ಬಿಡಿ. ಅಷ್ಟೇ ಎತ್ತರ ಇಟ್ಟುಕೊಂಡರೆ ಅಗಲದಲ್ಲಿ ನಾಲ್ಕು ಇಂಚು ಕತ್ತರಿಸಬೇಕು, ಆಗ ಕತ್ತರಿಗೆ ಸಿಗೋದು ಅಜ್ಜಿಯ ಕೈ. ಫೈಲ್ 6016 x 4016 ಪಿಕ್ಸೆಲ್ ಇದೆ, 24 ಇಂಚಿಗೆ ಹಾಕಿದರೂ ಇಂಚಿಗೆ 250 ಬೀಳುತ್ತೆ, ಒಡೆಯಲ್ಲ. ಮ್ಯಾಟ್ ಫಿನಿಶ್ ಕೊಡಿ, ಎದುರಿಗೆ ಕಿಟಕಿ ಇದೆ, ಗ್ಲಾಸಿ ಆದರೆ ಬೆಳಿಗ್ಗೆಯೆಲ್ಲ ಕಿಟಕಿಯನ್ನೇ ನೋಡಬೇಕಾಗುತ್ತೆ. ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ಹೃದಯದ ಚಿತ್ರ, ತಾರೀಖು ಏನೂ ಬೇಡ. ಒಂದೇ ಫೈಲಿಂದ ಎರಡು ಪ್ರಿಂಟ್, ಒಂದು ಇಲ್ಲಿಗೆ, ಇನ್ನೊಂದು ಗಂಡನ ಮನೆಗೆ. ಎರಡರಲ್ಲೂ ನಾನು ಒಂದೇ ಬಣ್ಣ ಇರಬೇಕು.

ತಿದ್ದಿದ ಮೇಲೆ ಪ್ರಿಂಟಿಗೆ ಹಾಕೋ ಮೊದಲು ನನಗೆ ಒಂದು ಸಲ ವಾಟ್ಸಾಪಲ್ಲಿ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ, ದೊಡ್ಡದು ಮಾಡಿ ನೋಡ್ತೇನೆ. 16ನೇ ತಾರೀಖಿನೊಳಗೆ ಬಂದರೆ ಅದೇ ದಿನ ಉತ್ತರ ಕೊಡ್ತೇನೆ. 24ಕ್ಕೆ ಭೀಮನ ಅಮಾವಾಸ್ಯೆ, ನಮ್ಮವರು ಬರ್ತಾರೆ, ಮಾರನೇ ದಿನ ಶ್ರಾವಣ ಹುಟ್ಟುತ್ತೆ, ನಾನೂ ಹೊರಡ್ತೇನೆ. 23ರ ಸಂಜೆಯೊಳಗೆ ಎರಡೂ ಪ್ರಿಂಟ್ ಕೈಗೆ ಸಿಕ್ಕರೆ ಒಂದನ್ನು ಜೊತೆಗೇ ಒಯ್ಯಬಹುದು. ಬಾಕಿ 4,500 ರೂಪಾಯಿ ಅವತ್ತೇ ತಮ್ಮ ತಂದುಕೊಡ್ತಾನೆ. ಎರಡನೇ ಸಲದ ಎಡಿಟಿಂಗಿಗೆ ಬೇರೆ ಚಾರ್ಜ್ ಇದ್ದರೆ ಈಗಲೇ ಹೇಳಿ, ಅರ್ಧ ತಪ್ಪು ನನ್ನದೂ ಇದೆ.

ಎಡಿಟಿಂಗ್ ಹುಡುಗನಿಗೆ ಬೈಯಬೇಡಿ. ಮಂಟಪದ ಹಿಂದಿನ ಹೂವಿನ ಕೆಲಸ ಅವನು ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂದರೆ, ಅಲ್ಲಿ ಅಜ್ಜಿಯ ಕೈ ಇತ್ತು ಅಂತ ಮೊದಲು ನನಗೂ ಗೊತ್ತಾಗಲಿಲ್ಲ. ಅಜ್ಜಿಯೇ ಕನ್ನಡಕ ಹಾಕಿಕೊಂಡು ನೋಡಿ "ನನ್ನ ಕೈ ಎಲ್ಲೇ?" ಅಂದಿದ್ದು.

ರವಿಕೆ ತುಂಡನ್ನು ಮಾತ್ರ ಮರೆಯದೆ ಪ್ರಿಂಟ್ ಜೊತೆ ವಾಪಸ್ ಕೊಡಿ. ತೋಳು ಬಿಗಿಯಾದಾಗ ಪಟ್ಟಿ ಕೊಡಿಸೋಕೆ ಬೇಕಾಗುತ್ತೆ.

ಇಂತಿ,
ಸಹನಾ